ಪ್ರಶ್ನೆಯ ಕೆಳಗೆ ಜಾರಿ ಕೂತ ಉತ್ತರ

ನಾನು ಕೆಲಸ ಮಾಡುವ ಸಂಸ್ಥೆ ಹನೂರು, ಯಳಂದೂರು ಕಡೆಯ ಊರುಗಳಲ್ಲಿ ಸಣ್ಣ ಸಣ್ಣ ಕ್ಲಿನಿಕ್ ನಡೆಸುತ್ತದೆ. ಕಚೇರಿ ಕೊಳ್ಳೇಗಾಲದಲ್ಲಿ. ಸೋಮವಾರ ಬೆಳಿಗ್ಗೆ ನಮ್ಮ ಡಾಕ್ಟರು ನರ್ಸುಗಳನ್ನೆಲ್ಲ ವಿಡಿಯೊ ಮೀಟಿಂಗಿಗೆ ಕರೆದು, ಎಲ್ಲಿ ಯಾವ ಔಷಧ ಇದೆ, ಏನು ಮುಗಿದಿದೆ ಎಂದು ಕೇಳುತ್ತಾರೆ. ಅದನ್ನು ಒಂದು ಪುಟಕ್ಕೆ ಇಳಿಸಿ ವಾಟ್ಸಾಪ್ ಗ್ರೂಪಿಗೆ ಹಾಕುವುದು ನನ್ನ ಕೆಲಸ. ನಮ್ಮ ಆಂಬ್ಯುಲೆನ್ಸ್ ಡ್ರೈವರ್ ಆ ಪುಟ ನೋಡಿಕೊಂಡೇ ರೋಗಿಯನ್ನು ಎಲ್ಲಿಗೆ ಒಯ್ಯಬೇಕೆಂದು ತೀರ್ಮಾನಿಸುತ್ತಾನೆ.

ಬೆಟ್ಟದ ಕಡೆಯ ನರ್ಸಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಮಾತು ತುಂಡಾಗುತ್ತದೆಂದು ಅವಳು ಚಾಟ್‌ನಲ್ಲಿ ಟೈಪ್ ಮಾಡುತ್ತಾಳೆ. ಅದೂ ಏನು ಉದ್ದವೇ? ‘ಇದೆ ಸಾ’, ‘ಇಲ್ಲ ಸಾ’, ಅಷ್ಟೇ. ಏನಿದೆ, ಏನಿಲ್ಲ ಎಂದು ತಿಳಿಯಬೇಕಾದರೆ ರೆಕಾರ್ಡಿಂಗಿನಿಂದ ಬರಹಕ್ಕಿಳಿದ ಮಾತಿನ ಫೈಲನ್ನೂ ಚಾಟ್ ಫೈಲನ್ನೂ ಪಕ್ಕದಲ್ಲಿಟ್ಟುಕೊಂಡು, ಉತ್ತರವನ್ನು ಅದರ ಪ್ರಶ್ನೆಯ ಕೆಳಗೆ ತಂದು ಕೂರಿಸಬೇಕು. ತಲೆ ಕೆಟ್ಟುಹೋಗುವ ಕೆಲಸ. ಅದಕ್ಕೇ ಆ ಸಲ ಎರಡೂ ಫೈಲನ್ನು ಎಐಗೆ ಕೊಟ್ಟು, ಸೇರಿಸಿ ಸಾರಾಂಶ ಮಾಡು ಎಂದೆ. ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ಡಾಕ್ಟರು ಒಮ್ಮೆ ಕಣ್ಣಾಡಿಸಿ ಸರಿ ಎಂದರು, ಗ್ರೂಪಿಗೆ ಹಾಕಿದೆ.

ಮಧ್ಯಾಹ್ನ ಯಳಂದೂರಿನ ನರ್ಸ್ ಫೋನ್ ಮಾಡಿದಳು.

“ಅಕ್ಕಾ, ಕೆಟ್ಟೋಗದೆ ಅಂದಿದ್ದು ಫ್ರಿಜ್ಜು ಕಣಕ್ಕ. ತೂಕದ ಮಿಷಿನ್ನು ಅಂತ ಬರ್ದಿದ್ದೀರಲ್ಲ! ಹೊಸ ಮಿಷಿನ್ನು ಕಳಿಸ್ತೀರಾ?”

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಇವಳೂ ಬೆಳಿಗ್ಗೆ ಚಾಟ್‌ನಲ್ಲೇ ಉತ್ತರಿಸಿದ್ದಳು. ಇವಳ ಉತ್ತರ ಬೇರೆ ಪ್ರಶ್ನೆಯ ಕೆಳಗೆ ಜಾರಿದ್ದರೆ ಬೇರೆಯವರದು?

ಎರಡೂ ಫೈಲು ತೆರೆದೆ. ಮಾತಿನ ಫೈಲಿನಲ್ಲಿ ಸಮಯ ಸೊನ್ನೆಯಿಂದ ಶುರುವಾಗುತ್ತದೆ, ರೆಕಾರ್ಡಿಂಗ್ ಒತ್ತಿದ ಕ್ಷಣದಿಂದ. ಚಾಟ್‌ನಲ್ಲಿರುವುದು ಗಡಿಯಾರದ ಸಮಯ. ನಮ್ಮ ಡಾಕ್ಟರು ಹಾಜರಿ ಮುಗಿಯುವವರೆಗೆ ರೆಕಾರ್ಡ್ ಮಾಡಲು ಬಿಡುವುದಿಲ್ಲ. ಹಾಜರಿ ಕೂಗುತ್ತಾ ಮಳೆ ಬಂತಾ, ಮಗಳಿಗೆ ಗಂಡು ಸಿಕ್ಕಿತಾ ಎಂದೆಲ್ಲ ವಿಚಾರಿಸುವುದು ಅವರ ಚಾಳಿ. ಆ ದಿನ ಅದು ಎಳೆದುಕೊಂಡೇ ಹೋಗಿತ್ತು. ಎಐಗೆ ಇದೆಲ್ಲ ಏನು ಗೊತ್ತು? ನಾನೂ ಹೇಳಿರಲಿಲ್ಲ. ಮೀಟಿಂಗ್ ಶುರುವಾದಾಗಲೇ ರೆಕಾರ್ಡಿಂಗೂ ಶುರುವಾಯಿತೆಂದುಕೊಂಡು, ಚಾಟ್‌ನ ಉತ್ತರಗಳನ್ನೆಲ್ಲ ಆಮೇಲೆ ಕೇಳಿದ ಪ್ರಶ್ನೆಗಳ ಕೆಳಗೆ ಕೂರಿಸಿಬಿಟ್ಟಿತ್ತು.

ಬೆಟ್ಟದ ಕ್ಲಿನಿಕ್ಕಿನ ಸಾಲಿಗೆ ಬಂದೆ. ‘ಹಾವು ಕಡಿತದ ಇಂಜೆಕ್ಷನ್: ಇದೆ. ಕಬ್ಬಿಣದ ಮಾತ್ರೆ: ಇಲ್ಲ.’ ಸಮಯ ಸರಿಪಡಿಸಿ ನೋಡಿದರೆ ‘ಇದೆ ಸಾ’ ಎಂದು ಅವಳು ಹೇಳಿದ್ದು ಆಕ್ಸಿಜನ್ ಸಿಲಿಂಡರಿಗೆ. ಹಾವಿನ ಇಂಜೆಕ್ಷನ್ನಿಗೆ ಅವಳ ಉತ್ತರ ‘ಇಲ್ಲ ಸಾ’.

ಹೊಲದ ಕೆಲಸದ ಕಾಲ, ಹಾವು ಕಡಿತ ಅಲ್ಲಿ ಅಪರೂಪವೇನಲ್ಲ. ಡ್ರೈವರಿಗೆ ಫೋನ್ ಹಚ್ಚಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಕ್ಲಿನಿಕ್ಕಿನದು ರಿಂಗೇ ಆಗಲಿಲ್ಲ. ‘ಬೆಟ್ಟದ ಕ್ಲಿನಿಕ್ಕಿನಲ್ಲಿ ಹಾವಿನ ಇಂಜೆಕ್ಷನ್ ಇಲ್ಲ, ಹನೂರು ಆಸ್ಪತ್ರೆಗೇ ಹೋಗಿ’ ಎಂದು ಗ್ರೂಪಿಗೂ ಅವನಿಗೂ ಹಾಕಿದೆ. ಅವನಿಗೆ ಹಾಕಿದ್ದಕ್ಕೆ ಒಂದೇ ಟಿಕ್. ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಗಾಡಿ ಎಲ್ಲದೆ ಈಗ?” ಎಂದರು.

“ಬೆಟ್ಟದ ಕಡೆ ಮಾರ್ಟಳ್ಳಿಯಿಂದ ಕರೆ ಬಂತು ಅಂತ ಓಗವ್ನೆ ಸಾ. ಯಾತಕ್ಕೆ ಅಂತ ಗೊತ್ತಿಲ್ಲ.”

ಹೆರಿಗೆಯಾಗಿರಲಿ, ಜ್ವರವಾಗಿರಲಿ ಎಂದು ಬೇಡಿಕೊಂಡೆ. ಮತ್ತೆ ಮತ್ತೆ ಫೋನ್ ಮಾಡಿದೆ. ಆ ಒಂದು ಟಿಕ್ ನೋಡಿ ನೋಡಿ ಕಣ್ಣು ಉರಿಯತೊಡಗಿತು.

ಸಂಜೆಯ ಹೊತ್ತಿಗೆ ಅವನೇ ಫೋನ್ ಮಾಡಿದ.

“ಹನೂರು ಆಸ್ಪತ್ರೇಲಿದ್ದೀನಿ ಕಣಕ್ಕ. ಕಳೆ ಕೀಳ್ತಿದ್ದ ಹೆಂಗಸು, ಮಂಡಲದ ಹಾವು ಕಚ್ಚದೆ. ನಿಮ್ಮ ಪುಟ ನೋಡ್ಕಂಡು ಬೆಟ್ಟದ ಕ್ಲಿನಿಕ್ಕಿಗೇ ಓಯ್ತಿದ್ದೆ. ಅರ್ಧ ದಾರೀಲಿ ಒಂದ್ಕಡೆ ಸಿಗ್ನಲ್ ಸಿಕ್ತು, ನಿಮ್ ಮೆಸೇಜ್ ಬಂತು. ಗಾಡಿ ತಿರುಗಿಸ್ದೆ.”

“ಹೆಂಗವ್ರೆ?”

“ಡ್ರಿಪ್ಪಲ್ಲಿ ಇಂಜೆಕ್ಷನ್ ಆಕವ್ರೆ. ಕಾಲು ಬಾತದೆ, ಮಾತಾಡ್ತಾವ್ರೆ. ಇನ್ನು ವಸಿ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು. ನೀವು ತಾಯಿ ಇದ್ದಂಗೆ ಕಣಕ್ಕ. ಬೆಳಿಗ್ಗೆ ಇದ್ದ ಇಂಜೆಕ್ಷನ್ನು ಅಷ್ಟ್ರಲ್ಲೇ ಮುಗ್ದೋಯ್ತಾ?”

ಹೂಂ ಎಂದರೆ ಮುಗಿಯುತ್ತಿತ್ತು. ಡಾಕ್ಟರು ಎದುರಿಗೇ ಕೂತಿದ್ದರು.

“ಬೆಳಿಗ್ಗೇನೂ ಇರ್ನಿಲ್ಲ ಕಣಪ್ಪ, ನಾನು ಆಕಿದ್ ಪುಟಾನೇ ತಪ್ಪಿತ್ತು,” ಎಂದೆ.

ಫೋನಿನಲ್ಲಿ ಆಸ್ಪತ್ರೆಯ ಗದ್ದಲ, ಅದರ ನಡುವೆ ಯಾರೋ ಹೆಂಗಸು ನೀರು ಕೇಳುತ್ತಿದ್ದುದು ಕೇಳಿಸಿತು.