ಚಾರ್ಟಿನ ಕೆಳಗಿನ ಸಣ್ಣ ಗುರುತು

ಭಾಲ್ಕಿಯ ಕಾಕಾ ನಿವೃತ್ತಿಯ ಹಣದಲ್ಲಿ ಕೊಂಡ ಷೇರಿನ ಚಾರ್ಟಿನ ಸ್ಕ್ರೀನ್‌ಶಾಟ್ ತೆಗೆದು ಬೀದರಿನಲ್ಲಿದ್ದ ನನಗೆ ಕಳಿಸಿ, ಏರಿಳಿತ ಬರೆದುಕೊಡಲು ಕೇಳಿದ್ದರು. ಬದಿಯ ಅಂಕಿಗಳನ್ನು ನೋಡಿ ಅಂದಾಜು ಬರೆದೆ: ಮಾರ್ಚ್ ಆರಂಭದಲ್ಲಿ ಗರಿಷ್ಠ 840, ಜೂನ್ ಮಧ್ಯದಲ್ಲಿ ಒಂದೇ ದಿನ 800ರಿಂದ 400ಕ್ಕೆ ಕುಸಿತ, ಜೂನ್ ಕೊನೆಗೆ ಕನಿಷ್ಠ 390.

"ಅರ್ಧಾ ಹೋತಲ್ಲವ್ವ. ಉಳಿದದ್ದು ಈಗೇ ಮಾರಿಬಿಡ್ತೇನಿ" ಎಂದು ಉತ್ತರ ಬಂತು.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿದೆ. ಆ ಕುಸಿತದ ಕೆಳಗೆ ಷೇರು ವಿಭಜನೆಯ ಸಣ್ಣ ಗುರುತಿತ್ತು. ಅಂದು ಒಂದು ಷೇರು ಎರಡಾಗಿತ್ತು. ಬೆಲೆ ಅರ್ಧವಾದರೂ ಅದರಿಂದ ನಷ್ಟವಿರಲಿಲ್ಲ. ಮೂರು ಸಲ ಫೋನ್ ಮಾಡಿದರೂ ಅವರು ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದರು.

"ಮಾರಬ್ಯಾಡ್ರಿ ಕಾಕಾ, ತಪ್ಪು ನಂದೇ ಅದ."

"ಚಾ ಕುಡುದು ಮಾರಬೇಕಂತಿದ್ದೆ. ನಿನ್ನ ಫೋನು ಚಾನೂ ಕುಡಿಲಿಕ್ಕ ಬಿಡವಲ್ದು."

ಅವರು ನಕ್ಕರು. ನನಗೆ ನಗಲಾಗಲಿಲ್ಲ.