ಗೇಟಿನಲ್ಲಿ ಕಾಯ್ದ ಗಾಡಿ ಮತ್ತು ನಾನು ಹಾಕಿದ ಅಂಕ

ಬ್ಯಾಡಗಿಯ ಮೆಣಸಿನಪುಡಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದಾಗ, ನಮಗೆ ಮಾಲು ಕೊಡುವವರಿಗೆ ಮೂರು ತಿಂಗಳಿಗೊಮ್ಮೆ ಅಂಕ ಹಾಕುವುದು ನನ್ನ ಕೆಲಸವಾಗಿತ್ತು. ಹೇಳಿದ ದಿನಕ್ಕೆ ಮಾಲು ಮುಟ್ಟಿಸುವುದಕ್ಕೆ ನಲವತ್ತು, ಗುಣಮಟ್ಟಕ್ಕೆ ನಲವತ್ತು, ದೂರು ಹೇಳಿದಾಗ ಬೇಗ ಸ್ಪಂದಿಸುವುದಕ್ಕೆ ಇಪ್ಪತ್ತು. ಎಪ್ಪತ್ತು ದಾಟದವರಿಗೆ ಮುಂದಿನ ಮೂರು ತಿಂಗಳು ಹೊಸ ಆರ್ಡರ್ ಇಲ್ಲ.

ಆ ಸಲ ರಾಣೆಬೆನ್ನೂರಿನಿಂದ ಬಟ್ಟೆಚೀಲ ಹೊಲಿಸಿ ಕಳಿಸುತ್ತಿದ್ದ ಹೆಂಗಸಿಗೆ ಅರವತ್ತೆಂಟು ಬಿತ್ತು. ಅಂಕದ ಪತ್ರ ಮುಟ್ಟಿದ ಮರುದಿನವೇ ಬಸ್ಸು ಹತ್ತಿ ಬಂದು ನನ್ನ ಟೇಬಲ್ಲಿನ ಎದುರು ನಿಂತಳು.

"ಹತ್ತು ಲೋಡಿನ್ಯಾಗ ಆರು ತಡಾ ಅಂತ ಬರದೀರಿ. ಯಾವ ಆರು ತೋರಸ್ರಿ."

ಕಂಪ್ಯೂಟರಿನಲ್ಲಿ ತೋರಿಸಿದೆ. ಅವಳು ತನ್ನ ಚಲನ್‌ಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟಳು. ಎಲ್ಲದರ ಮೇಲೂ ಗಾಡಿ ಬಂದ ತಾರೀಖಿನ ಸಮೇತ ನಮ್ಮ ಗೇಟಿನ ಶಿಕ್ಕಾ ಒತ್ತಿತ್ತು.

"ಈ ಗಾಡಿ ಸೋಮವಾರ ಬಂದೈತಿ. ನೀವು ಬುಧವಾರ ಅಂತ ಬರ್ಕೊಂಡೀರಿ. ಒಂದ ಲೋಡ್ ಖರೇನ ತಡಾ ಆಗೇತಿ, ಒಪ್ಕೋತೇನಿ. ಉಳದ ಐದು ಯಾಕ ನನ್ನ ತಲಿಮ್ಯಾಗ?"

ಮೆಣಸಿನಕಾಯಿ ಹಂಗಾಮಿನಲ್ಲಿ ಗೋದಾಮು ತುಂಬಿ, ಚೀಲದ ಗಾಡಿಗಳು ಎರಡೆರಡು ದಿನ ಹೊರಗೇ ನಿಲ್ಲುತ್ತಿದ್ದವು. ಮಾಲು ಇಳಿಸಿದ ದಿನವನ್ನೇ ನಾವು ಬಂದ ದಿನವೆಂದು ದಾಖಲಿಸುತ್ತಿದ್ದೆವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ತಾರೀಖು ಹಿಡಿದು ಅಂಕ ಹಾಕಿದ್ದೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಮ್ಯಾನೇಜರನಿಗೆ ಹೇಳಿದರೆ ಅವನು ಚಹಾದ ಕಪ್ಪು ಕೆಳಗಿಡಲಿಲ್ಲ. "ಪಟ್ಟಿ ಹಾವೇರಿ ಹೆಡ್ ಆಫೀಸಿಗೆ ಹೋಗೇತಿ. ಈಗ ತಿದ್ದಿದ್ರ ತಪ್ಪು ನಮ್ದ ಅಂದಂಗಾಗ್ತೈತಿ."

"ತಪ್ಪು ನಮ್ದ ಐತಲ್ರಿ!"

ನನ್ನ ದನಿಗೆ ಹೊರಗಿದ್ದವರೂ ತಿರುಗಿ ನೋಡಿದರು. ಗೇಟಿನ ರಿಜಿಸ್ಟರಿನ ಝೆರಾಕ್ಸ್ ಮಾಡಿಸಿಕೊಂಡು, ಅರ್ಧ ದಿನ ರಜೆ ಬರೆದಿಟ್ಟು ಹಾವೇರಿಗೆ ಹೋದೆ. ಅಲ್ಲಿನ ಹಿರಿಯ ಅಧಿಕಾರಿ ಹಾಳೆ ತಿರುವಿ ಕೇಳಿದರು: "ಇದನ್ನ ಮೊದಲ ಯಾಕ ನೋಡಲಿಲ್ರಿ?" ಆದರೂ ಅವರು ಸಹಿ ಹಾಕಿದರು. ಹತ್ತರಲ್ಲಿ ಒಂಬತ್ತು ಲೋಡ್ ಸಮಯಕ್ಕೆ ಬಂದ ಲೆಕ್ಕವಾಗಿ ಅವಳ ಅಂಕ ಎಂಬತ್ತೆಂಟಾಯಿತು.

ತಿದ್ದಿದ ಪಟ್ಟಿ ಎರಡು ವಾರ ಬಿಟ್ಟು ಕೈಗೆ ಬಂದ ಮೇಲೆ ಫೋನಿನಲ್ಲಿ ತಿಳಿಸಿದೆ. ಅವಳಿಗೇನೂ ಖುಷಿಯಾಗಲಿಲ್ಲ.

"ಆರ್ಡರ್ ನಿಂತು ಇಪ್ಪತ್ತು ದಿನ ಆತ್ರಿ. ಹೊಲಿಯೋ ಎಂಟು ಮಂದಿ ಹೆಣ್ಮಕ್ಕಳನ್ನ ಮನಿಗೆ ಕಳಿಸೇನಿ. ಮೂರು ಮಂದಿ ಬ್ಯಾರೆ ಕಡೆ ಹೋಗ್ಯಾರ. ಅವರನ್ನೂ ತಿದ್ದಿ ಕೊಡ್ತೀರೇನು?"

ಇನ್ನು ಮುಂದೆ ಗಾಡಿ ಗೇಟಿಗೆ ಬಂದ ತಾರೀಖನ್ನೇ ಹಿಡಿಯುತ್ತೇವೆಂದು ಬರೆದುಕೊಟ್ಟ ಮೇಲಷ್ಟೇ ಅವಳು ಆರ್ಡರ್ ತೆಗೆದುಕೊಂಡಳು, ಅದೂ ಮೊದಲಿನ ಅರ್ಧದಷ್ಟು.

ತಿಂಗಳ ಸಭೆಯಲ್ಲಿ ಮ್ಯಾನೇಜರ್ ಎದ್ದು ನಿಂತು, ಗೇಟಿನ ತಾರೀಖು ಹಿಡಿಯುವ ಹೊಸ ಪದ್ಧತಿಯನ್ನು ತಾನೇ ತಂದೆನೆಂದು ಹೇಳಿಕೊಂಡ. ಚಪ್ಪಾಳೆ ಬಿದ್ದವು. ನಾನು ಕೈ ಕಟ್ಟಿಕೊಂಡು, ಹಲ್ಲು ಕಚ್ಚಿ ಕೂತಿದ್ದೆ.