ಎರಡು ಸಾಲಿನ ಜಾಗ

ಮದುವೆ ವಿಡಿಯೊ ಮಾಡಿ ಮಾಡಿ ನನ್ನ ಕೈ ಕೆಟ್ಟುಹೋಗಿತ್ತು. ಬೀದರಿನ ಮೈಲೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ನಮ್ಮ ಸ್ಟುಡಿಯೊ. ಮಾಲೀಕರು ಕ್ಯಾಮೆರಾ ಹಿಡಿಯುತ್ತಿದ್ದರು, ನಾನು ಕಂಪ್ಯೂಟರ್ ಮುಂದೆ ಕುಳಿತು ಜೋಡಿಸುತ್ತಿದ್ದೆ. ಮದುವೆ ಮನೆಯಲ್ಲಿ ಬ್ಯಾಂಡಿನ ಗದ್ದಲಕ್ಕೆ ಯಾರ ಮಾತೂ ಕೇಳಿಸುವುದಿಲ್ಲ. ಸೋದರಮಾವ ಹರಸಿದ್ದನ್ನೂ, ಗೆಳತಿ ಚುಡಾಯಿಸಿದ್ದನ್ನೂ ಹಳದಿ ಅಕ್ಷರದಲ್ಲಿ ಪರದೆಯ ಕೆಳಗೆ ಬರೆಯಲೇಬೇಕು. ಏಳು ವರ್ಷ ಅದನ್ನೇ ಮಾಡಿದವಳಿಗೆ ಯಾರಾದರೂ ಬಾಯಿ ತೆರೆದರೆ ಸಾಕು, ಬೆರಳು ತಾನಾಗಿ ಕೀಲಿಮಣೆಗೆ ಹೋಗುತ್ತಿತ್ತು.

ಆ ವರ್ಷ ರಾಜ್ಯೋತ್ಸವಕ್ಕೆ ಭಾಲ್ಕಿಯ ಒಂದು ಸಭಾಂಗಣದಲ್ಲಿ ತೋರಿಸಲು ಅರ್ಧ ಗಂಟೆಯ ಚಿತ್ರವೊಂದು ಬೇಕಿತ್ತು. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ದಿನಗಳನ್ನು ಕಣ್ಣಾರೆ ಕಂಡ ಹಿರಿಯರ ಮಾತುಗಳು ಅದರಲ್ಲಿ ಇರಬೇಕು. ಮಾಲೀಕರು ಊರೂರು ತಿರುಗಿ ಚಿತ್ರೀಕರಣ ಮಾಡಿ ತಂದರು. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅಣ್ಣಾರು ಎನ್ನುತ್ತಿದ್ದೆ.

ಚಿತ್ರದ ಆರಂಭಕ್ಕೆ ಜೋಡಿಸಿದ್ದು ಔರಾದಿನ ಒಬ್ಬ ಅಜ್ಜಿಯ ಮಾತು. "ನಮ್ಮ ಅಕ್ಕನ ಕೊಟ್ಟಿದ್ದು ಉದಗೀರಿಗಿ. ಆ ವರ್ಷ ಅಕಿ ಅಲ್ಲೇ ಉಳದಳು, ನಾವ ಇಲ್ಲೇ ಉಳದೇವು" ಎಂದು ಆಕೆ ಹೇಳುತ್ತಾಳೆ. ನಾನು ಕೆಳಗೆ ದಪ್ಪಗೆ "ಅಕ್ಕ ಅಲ್ಲೇ ಉಳಿದಳು, ನಾವು ಇಲ್ಲೇ ಉಳಿದೆವು" ಎಂದು ಬರೆದೆ. ಅಣ್ಣಾರು ನೋಡಿ ಹಣೆ ಉಜ್ಜಿಕೊಂಡರು.

"ತಂಗಿ, ಅಜ್ಜಿ ಹೇಳಿದ್ದ ಕಿವಿಗಿ ಕೇಳಸ್ತದಲ್ಲ? ಅದನ್ನ ಮತ್ತ ಕಣ್ಣಿಗಿ ಯಾಕ ಹಾಕ್ತೀರಿ? ಮಂದಿ ಅಜ್ಜಿ ಮಾತು ಮುಗಿಯೂಕಿಂತ ಮೊದಲೇ ಓದಿ ಮುಗಸ್ತಾರ. ಆಮ್ಯಾಲ ಅಕಿ ಮಾತು ಹಳಸಲ ಆಗ್ತದ."

"ಹಂಗಾದ್ರ ಏನ ಬರೀಲ್ರಿ?"

"ಅಕಿ ಹೇಳಲಾರದ್ದು ಬರೀರಿ. ಅಕಿಗಿ ಅದೆಲ್ಲಾ ಗೊತ್ತದ, ಅದಕ್ಕ ಹೇಳಂಗಿಲ್ಲ. ನೋಡೋ ಹುಡುಗೂರಿಗಿ ಗೊತ್ತಿಲ್ಲ."

ಬರೆದದ್ದನ್ನು ಅಳಿಸಿ ಕುಳಿತೆ. ಅಜ್ಜಿ ಅಷ್ಟು ಹೇಳಿ ಉಸಿರೆಳೆದುಕೊಳ್ಳುವ ಒಂದು ಬಿಡುವು ಇತ್ತು. ಅಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಎರಡು ಸಾಲು ಇಟ್ಟೆ: "1956: ಬೀದರ್ ಜಿಲ್ಲೆ ಒಡೆಯಿತು. ಉದಗೀರ ಮುಂಬೈ ರಾಜ್ಯಕ್ಕೆ, ಔರಾದ್ ಮೈಸೂರು ರಾಜ್ಯಕ್ಕೆ." ಮತ್ತೆ ಹಾಕಿ ನೋಡಿದೆ. ಅದೇ ಅಜ್ಜಿ, ಅದೇ ಮಾತು. ಆದರೆ ಈಗ ಇಬ್ಬರು ಅಕ್ಕತಂಗಿಯರ ನಡುವೆ ಒಂದು ಗಡಿ ಬಂದು ಕೂತಿತ್ತು. ಕಿವಿ ಕೇಳದವರಿಗೆ ಪ್ರತಿ ಮಾತೂ ಬೇಕು, ಅದನ್ನು ಬೇರೆಯೇ ಕಡತದಲ್ಲಿ ಪೂರ್ತಿ ಬರೆದು ಬೇಕಾದವರು ಹಚ್ಚಿಕೊಳ್ಳುವಂತೆ ಇಡೋಣ ಎಂದೂ ಅಣ್ಣಾರು ಹೇಳಿದರು. ಎರಡೇ ಸಾಲು, ಎರಡು ಸಲ ಓದುವಷ್ಟು ಹೊತ್ತು, ಮುಖ ಕೈಗಳನ್ನು ಮುಚ್ಚಬಾರದು. ಇಷ್ಟನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡೆ.

ಚೀಟಿ ಅಂಟಿಸಿದವಳಿಗೆ ಬುದ್ಧಿ ಬಂತೆಂದಲ್ಲ. ಅದಕ್ಕಿಂತ ಎರಡು ದಿನ ಮೊದಲೇ ನಾನೊಂದು ಕೆಲಸ ಕೆಡಿಸಿಟ್ಟಿದ್ದೆ, ಅದು ನನ್ನ ನೆನಪಿನಲ್ಲೇ ಇರಲಿಲ್ಲ.

ಭಾಲ್ಕಿ ಹತ್ತಿರದ ಹಲಬರ್ಗಾದ ಒಬ್ಬ ನಿವೃತ್ತ ಮಾಸ್ತರರ ತುಣುಕನ್ನು ಆಮಂತ್ರಣದ ಜೊತೆ ಕಳಿಸಲೆಂದು ಸಿದ್ಧಮಾಡಿ ವಾಟ್ಸಾಪಿನಲ್ಲಿ ಬಿಟ್ಟಿದ್ದೆ. ಮಾಸ್ತರರು ಉರ್ದುವಿನಲ್ಲಿ ಓದಿ ಉರ್ದುವಿನಲ್ಲೇ ಕಲಿಸುತ್ತಿದ್ದವರು. ರಾಜ್ಯ ಬದಲಾದಾಗ ನೌಕರಿ ಉಳಿಯಬೇಕಾದರೆ ಇಲಾಖೆಯ ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. "ಮೊದಲ್ನೇ ಇಮ್ತಿಹಾನದಾಗ ನಾ ಫೇಲ್ ಆದೆ" ಎಂದು ಅವರು ನಗುತ್ತ ಹೇಳುತ್ತಾರೆ. "ಎರಡ್ನೇ ಸಲ ಪಾಸಾದೆ" ಎಂದು ಹೇಳಿ ಸುಮ್ಮನೆ ಎಡಕ್ಕೆ ನೋಡುತ್ತಾರೆ. ನಾನು "ನಾ ಫೇಲ್ ಆದೆ" ಎಂಬ ಮಾತನ್ನೇ ಅಗಲವಾದ ಹಳದಿ ಪಟ್ಟಿಯಲ್ಲಿ ಹಾಕಿ, ತುಣುಕು ಮುಗಿಯುವವರೆಗೂ ಹಾಗೇ ಬಿಟ್ಟಿದ್ದೆ.

ಫೋನಿನಲ್ಲಿ ಧ್ವನಿ ಹಚ್ಚಿ ನೋಡುವವರು ಎಷ್ಟು ಜನ? ಅವರ ನಗು, ಎರಡನೇ ಸಲ ಪಾಸಾದದ್ದು ಯಾವುದೂ ಯಾರಿಗೂ ಮುಟ್ಟಲಿಲ್ಲ. ಮುಟ್ಟಿದ್ದು ಹಳದಿ ಪಟ್ಟಿ ಮಾತ್ರ. ಮಾಸ್ತರರ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರೋ "ನಮ್ಮ ಮಾಸ್ತರು ಫೇಲ್" ಎಂದು ನಗುವ ಮುಖ ಹಾಕಿದರು, ಭಾಲ್ಕಿಯ ತುಂಬ ಅದು ತಿರುಗಿತು. ಸಭೆಗೆ ನಾಲ್ಕು ದಿನ ಇದೆ ಎನ್ನುವಾಗ ಮಾಸ್ತರರ ಫೋನು ಬಂತು.

"ಬಾಯೀರ, ನಾ ಸಭಾಕ್ಕ ಬರಂಗಿಲ್ಲ. ನನ್ನ ಅದರಾಗಿಂದ ತಗದ ಬಿಡ್ರಿ. ನಲವತ್ತ ವರ್ಷ ಮಂದಿ ಮಕ್ಕಳಿಗಿ ಪಾಸ್ ಫೇಲ್ ಹಾಕೇನಿ. ಈಗ ಅವರು ನನಗ ಹಾಕ್ಲಿಕತ್ಯಾರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಮೆಲ್ಲಗೆ ಫೋನಿಟ್ಟರು. ಎಂಬತ್ತು ದಾಟಿದ ಹಿರಿಯರು ತಮ್ಮ ಸೋಲನ್ನು ತಾವೇ ನಗುತ್ತ ಹೇಳಿಕೊಂಡಿದ್ದರು, ನಾನು ಅದನ್ನು ಅವರ ಎದೆಯ ಮೇಲೆ ಫಲಕ ಮಾಡಿ ತೂಗುಹಾಕಿದ್ದೆ. ಅಣ್ಣಾರು ಮುಖ ಕೊಟ್ಟು ಮಾತಾಡಲಿಲ್ಲ. "ತಗೀರಂದ್ರ ತಗೀಬೇಕು. ಅವರ ಮಾತು, ಅವರ ಮಾನ" ಎಂದಷ್ಟೇ ಹೇಳಿದರು.

ತೆಗೆಯುವ ಮೊದಲು ಒಮ್ಮೆ ಪಟ್ಟಿ ಇಲ್ಲದೆ ನೋಡೋಣ ಎನಿಸಿತು. ಹಳದಿ ಪಟ್ಟಿಯನ್ನು ಅಳಿಸಿದೆ. ಅದರ ಕೆಳಗೆ, ಚೌಕಟ್ಟಿನ ಎಡ ಮೂಲೆಯಲ್ಲಿ, ನೆಲದ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮಾಸ್ತರರು "ಎರಡ್ನೇ ಸಲ ಪಾಸಾದೆ" ಎಂದು ನೋಡಿದ್ದು ಅವರ ಕಡೆ. ಆಕೆ ತಲೆ ಎತ್ತದೆ ಸಣ್ಣಗೆ ನಗುತ್ತಾರೆ. ಕೇಳಿಸಿದ್ದನ್ನೇ ಬರೆಯುವ ಗಡಿಬಿಡಿಯಲ್ಲಿ ನಾನು ಆ ಹೆಂಗಸನ್ನೇ ಮುಚ್ಚಿಬಿಟ್ಟಿದ್ದೆ.

"ಇವರು ಯಾರ್ರಿ ಅಣ್ಣಾರ?"

"ಮಾಸ್ತರ ಹೆಂಡತಿ. ಅಲ್ಲೇ ಕುಂತಿದ್ರು. ನಾನೂ ಏನೂ ಕೇಳ್ಲಿಲ್ಲ" ಎಂದರು ಅಣ್ಣಾರು, ನೆಲ ನೋಡುತ್ತ.

ಮರುದಿನ ಬೆಳಿಗ್ಗೆ ಹಲಬರ್ಗಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಒಳಗೊಳಗೇ ಪಾಠ ಒಪ್ಪಿಸಿಕೊಂಡೆ. ಮನೆ ಬಾಗಿಲಲ್ಲಿ ನಿಂತಾಗ ಒಂದೂ ನೆನಪಾಗಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಪೇಪರನ್ನು ಇನ್ನಷ್ಟು ಎತ್ತಿ ಹಿಡಿದರು.

"ತಪ್ಪಾಗ್ಯದ್ರಿ ಮಾಸ್ತರ" ಎಂದೆ. ಅವರು ಪುಟ ಮಗುಚಿದರು.

ಒಳಗಿನಿಂದ ಅವರ ಹೆಂಡತಿ ಬಂದು, "ಬಿಸಲಾಗ ಬಂದೀರಿ, ಕುಂದರ್ರಿ ಯವ್ವಾ" ಎಂದು ನೀರು ಕೊಟ್ಟರು. ನಾನು ಲ್ಯಾಪ್‌ಟಾಪ್ ತೆರೆದು ಪಟ್ಟಿ ಇಲ್ಲದ ತುಣುಕನ್ನು ಅವರಿಗೇ ತೋರಿಸಿದೆ. ತಮ್ಮನ್ನು ತಾವು ಪರದೆಯಲ್ಲಿ ಕಂಡು ಅವರು ಸೆರಗು ಸರಿಮಾಡಿಕೊಂಡರು.

"ಪಾಸಾದೆ ಅಂತ ಹೇಳಿ ಮಾಸ್ತರು ನಿಮ್ಮ ಕಡಿ ಯಾಕ ನೋಡಿದ್ರು, ಅಮ್ಮಾರ?"

ಆಕೆ ಗಂಡನ ಕಡೆ ನೋಡಿದರು. ಪೇಪರು ಅಲುಗಲಿಲ್ಲ.

"ನಮ್ಮ ತವರಾಗ ಸಂಜೀಕ ವಚನ ಓದೂ ರೂಢಿ ಇತ್ತು. ಅಪ್ಪ ನನಗ ಕನ್ನಡ ಓದ್ಲಿಕ್ಕ ಕಲಿಸಿದ್ರು. ಲಗ್ನಾಗಿ ಬಂದಾಗ ಇವರು ಫೇಲಾಗಿ ಕುಂತಿದ್ರು. ರೊಟ್ಟಿ ಬಡಿಯೂ ಮುಂದ ಹಿಟ್ಟಿನ ಮ್ಯಾಲ ಬೆರಳಲೆ ಅಕ್ಷರ ಬರದು ತೋರಸ್ತಿದ್ದೆ. ಅತ್ತಿ ಬಂದ್ರ ಅಳಸ್ತಿದ್ದೆ."

"ಅತ್ತಿಗಿ ಗೊತ್ತಾಗ್ಲಿಲ್ಲ?"

"ಸೊಸಿ ಮಗನಿಗಿ ಕಲಸ್ತಾಳಂದ್ರ ಸುಮ್ನಿರ್ತಿದ್ರೇನು? ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ಇವರಿಗಿ ಆಣಿ ಹಾಕಿದ್ದೆ."

ಕಟ್ಟೆಯ ಮೇಲೆ ಪೇಪರು ಮಡಚಿದ ಸದ್ದಾಯಿತು. ಇದನ್ನು ಪರದೆಯ ಮೇಲೆ ಬರೆಯಲೇ ಎಂದು ಕೇಳಿದರೆ ಆಣೆ ಮುರಿಯಿರಿ ಎಂದಂತೆ, ಕೇಳದೆ ಬರೆದರೆ ಮತ್ತೆ ಅದೇ ತಪ್ಪು. ಕೇಳಿದೆ.

"ಅತ್ತಿ ಹೋಗಿ ಎಷ್ಟ ವರ್ಷಾತು" ಎಂದರು ಆಕೆ, ಯಾರಿಗೋ ಎಂಬಂತೆ. "ಬರೀರಿ. ನನ್ನ ಹೆಸರ ಬ್ಯಾಡ."

"ಇರ್ಲಿ, ತಗೀಬ್ಯಾಡ್ರಿ. ಆದ್ರ ನಾ ಬರ್ತೇನಿ ಅಂತ ಹೇಳಿಲ್ಲ" ಎಂದರು ಮಾಸ್ತರರು. ಅಷ್ಟೇ. ನಾನು ಚಹಾ ಕುಡಿದು ಬಸ್ಸಿಗೆ ಓಡಿದೆ.

ಆ ಎರಡು ಸಾಲಿಗೆ ಎರಡು ದಿನ ಬೇಕಾಯಿತು. ಮೊದಲು "ಮುಂದೆ ಆದರ್ಶ ಶಿಕ್ಷಕರಾದರು" ಎಂದು ಬರೆದೆ. ಅದು ನನ್ನ ತಪ್ಪಿಗೆ ಹಚ್ಚುವ ಸುಣ್ಣವಾಗಿತ್ತು, ಅಳಿಸಿದೆ. ಹಿಟ್ಟು, ಅತ್ತೆ, ಆಣೆ ಎಲ್ಲವನ್ನೂ ತುಂಬಿ ನಾಲ್ಕು ಸಾಲು ಮಾಡಿದೆ. ಓದಿ ಮುಗಿಯುವುದರೊಳಗೆ ಮಾಸ್ತರರ ನೋಟವೇ ಮುಗಿದುಹೋಗುತ್ತಿತ್ತು, ಅದನ್ನೂ ಅಳಿಸಿದೆ. ಅವರು ಮಾತಾಡುವಾಗ ಪರದೆಯನ್ನು ಖಾಲಿ ಬಿಟ್ಟೆ. ಅವರು ಸುಮ್ಮನಾಗಿ ಎಡಕ್ಕೆ ತಿರುಗಿದ ಮೇಲೆ, ಆಕೆಯ ಮೇಲೆ ಬೀಳದಂತೆ ಬಲಗಡೆಯ ಬರಿ ಗೋಡೆಯ ಮೇಲೆ, ಬಿಳಿ ಅಕ್ಷರ ಇಟ್ಟೆ.

ಸಭೆಯ ದಿನ ಮುಂದಿನ ಕುರ್ಚಿಗಳೆಲ್ಲ ತುಂಬಿದ್ದವು. ಮಾಸ್ತರರು ಕಾಣಲಿಲ್ಲ. ದೀಪ ಆರುವ ಹೊತ್ತಿಗೆ ಬಾಗಿಲ ಹತ್ತಿರ ಮಾಸ್ತರರ ಬಿಳಿ ಟೋಪಿ ಕಂಡಿತು, ಹಿಂದೆ ಅವರ ಹೆಂಡತಿ. ಕೊನೆಯ ಸಾಲಿನಲ್ಲಿ ನನ್ನ ಪಕ್ಕವೇ ಬಂದು ಕುಳಿತರು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಇನ್ನು ಏನು ತಪ್ಪಿದರೂ ಅವರ ಎದುರೇ ತಪ್ಪಬೇಕು.

ಪರದೆಯ ಮೇಲೆ ಔರಾದಿನ ಅಜ್ಜಿ ಬಂದು ಹೋದಳು. ಮಾಸ್ತರರ ಮುಖ ಬಂತು. "ನಾ ಫೇಲ್ ಆದೆ" ಎಂದೊಡನೆ ಮುಂದಿನ ಸಾಲುಗಳಲ್ಲಿ ನಗು ಎದ್ದಿತು. ಯಾರೋ ಶಿಳ್ಳೆ ಹಾಕಿದರು. ಪಕ್ಕದಲ್ಲಿ ಮಾಸ್ತರರ ಕೈ ಕೋಲನ್ನು ಬಿಗಿಯಾಗಿ ಹಿಡಿಯಿತು. ಎದ್ದು ಹೋಗುತ್ತಾರೆ, ಈಗ ಹೋಗುತ್ತಾರೆ ಎಂದುಕೊಂಡೆ. ಪರದೆಯ ಮೇಲೆ "ಎರಡ್ನೇ ಸಲ ಪಾಸಾದೆ" ಎಂದರು, ಸುಮ್ಮನಾದರು, ಎಡಕ್ಕೆ ನೋಡಿದರು. ಗೋಡೆಯ ಮೇಲೆ ಅಕ್ಷರ ಮೂಡಿತು:

"ನೆಲದ ಮೇಲೆ ಕುಳಿತವರು ಅವರ ಹೆಂಡತಿ.
ರೊಟ್ಟಿ ಹಿಟ್ಟಿನಲ್ಲಿ ಬರೆದು ಕನ್ನಡ ಕಲಿಸಿದವರು ಇವರು."

ನಗು ಅರ್ಧಕ್ಕೇ ನಿಂತಿತು. ಮೊರದಲ್ಲಿ ಬೇಳೆ ಆಡುವ ಸದ್ದು ಸಭೆಯ ತುಂಬ ಕೇಳಿಸಿತು. ಮಾಸ್ತರರ ಪಕ್ಕ ಅವರ ಹೆಂಡತಿ ತುಟಿ ಅಲುಗಿಸುತ್ತ ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಎರಡನೇ ಸಲ ಮುಗಿದ ಮೇಲೆ ಅಕ್ಷರ ಅಳಿಯಿತು. ನಾನು ಅಳುತ್ತಿದ್ದೆ, ಹೇಳಲು ನಾಚಿಕೆಯಿಲ್ಲ.

ಚಿತ್ರ ಮುಗಿದು ಹಳೆಯ ವಿದ್ಯಾರ್ಥಿಗಳು ಗುಂಪಾಗಿ ಬಂದರು. ಮಾಸ್ತರರ ಕಾಲು ಮುಟ್ಟಲು ಬಾಗಿದವರಿಗೆ ಅವರು ಕೋಲಿನಿಂದ ಹೆಂಡತಿಯ ಕಡೆ ತೋರಿಸಿದರು. ಆಕೆ ಗಾಬರಿಯಾಗಿ ನನ್ನ ಹಿಂದೆ ಸರಿದರು. ಮಂದಿ ಕರಗಿದ ಮೇಲೆ ನಾನು ಮಾಸ್ತರರ ಮುಂದೆ ಹೋಗಿ ನಿಂತೆ. ಬರೆದದ್ದರಲ್ಲಿ ತಪ್ಪೇನಾದರೂ ಇತ್ತೇ ಎಂದು ಕೇಳಿದೆ.

"ತಪ್ಪಿಲ್ಲ" ಎಂದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಅದನ್ನ ನಾ ಹೇಳಬೇಕಿತ್ತು, ಬಾಯೀರ. ಕ್ಯಾಮೆರಾ ಮುಂದ ಅಲ್ಲ. ಮೊದಲೇ."

ಆಕೆಗೆ ಅದು ಕೇಳಿಸಿತು. ಕೇಳಿಸದವರಂತೆ, ಬಸ್ಸಿಗೆ ಹೊತ್ತಾಯಿತು ಎಂದು ಅವರ ಕೈ ಹಿಡಿದುಕೊಂಡು ನಡೆದರು.